ಒಂದೇ ವಿಷಯದ ಹಾಡು ಎರಡನೇ ವರ್ಸ್‌ನಲ್ಲಿ ನಿಂತುಹೋದರೆ: ದೋಷ ಹುಡುಕುವ ಕ್ರಮ

ಮೊದಲ ಬಾರಿಗೆ ಹಾಡು ಬರೆಯುವವರ ಬಳಿ ಸಾಮಾನ್ಯವಾಗಿ ಹೇಳಬೇಕಾದ ಮಾತು ಒಂದೇ ಇರುತ್ತದೆ. ಅದು ಕೊರತೆಯಲ್ಲ. ಮೂರು ನಿಮಿಷದ ಹಾಡಿಗೆ ಒಂದು ಮಾತೇ ಸಾಕು. ತೊಂದರೆ ಹುಟ್ಟುವುದು ಆ ಒಂದು ಮಾತನ್ನು ವರ್ಸ್, ಕೋರಸ್, ಬ್ರಿಡ್ಜ್ ಎಂಬ ಮೂರು ಭಾಗಗಳಿಗೆ ಹಂಚುವಾಗ.

ಮದ್ದೂರಿನ ಕಡೆಯ ಹಳ್ಳಿಯೊಂದರಿಂದ ಬಂದು ಮೈಸೂರಿನ ಸರಸ್ವತಿಪುರಂನಲ್ಲಿ ರೂಮು ಮಾಡಿಕೊಂಡು ಓದುತ್ತಿರುವ ಹುಡುಗನೊಬ್ಬ ಒಂದು ಸಂಜೆ ಗಿಟಾರು ಮತ್ತು ನೋಟ್‌ಬುಕ್ಕಿನೊಂದಿಗೆ ನಮ್ಮ ಮನೆಗೆ ಬಂದಿದ್ದ. "ಸಾರ್, ಒಂದು ವರ್ಸು ಆಯ್ತು, ಕೋರಸ್ಸೂ ಆಯ್ತು. ಅಲ್ಲಿಂದ ಮುಂದಕ್ಕೆ ಒಂದು ತಿಂಗಳಿಂದ ಹೋಗ್ತಾ ಇಲ್ಲ" ಎಂದ. ಅವನ ಹಾಡಿನ ವಸ್ತು ಅಪ್ಪ. ಅಪ್ಪ-ಮಗ ಫೋನಿನಲ್ಲಿ ಮಾತನಾಡುವಾಗ ಇಬ್ಬರಿಗೂ ಬರುವುದು ಒಂದೇ ಮಾತು: ನಾಲೆಗೆ ನೀರು ಬಂತಾ? ಈ ಬರಹದಲ್ಲಿ ಬರುವ ಪರೀಕ್ಷೆಗಳನ್ನೆಲ್ಲ ಆ ಒಂದು ಹಾಡಿನ ಮೇಲೆ ಮಾಡಿ ತೋರಿಸುತ್ತೇನೆ. ಅವನು ಒಪ್ಪಿದ್ದಾನೆ, ಅವನ ಅಪ್ಪನನ್ನೂ ಕೇಳಿದ್ದಾನೆ.

ಹೆಸರುಗಳ ಬಗ್ಗೆ ಒಂದು ಮಾತು. ನಮ್ಮ ಆರ್ಕೆಸ್ಟ್ರಾದವರು ಕೋರಸ್ ಎಂದರೆ ಹಿಂದೆ ನಿಂತು ದನಿಗೂಡಿಸುವ ಗುಂಪು ಎಂದು ತಿಳಿಯುತ್ತಾರೆ. ಇಲ್ಲಿ ಆ ಅರ್ಥವಿಲ್ಲ. ಪ್ರತಿ ಸಲವೂ ಅದೇ ಪದಗಳೊಂದಿಗೆ ಮರಳಿ ಬರುವ ಭಾಗವೇ ಕೋರಸ್. ಪದ ಬದಲಾಗುತ್ತಾ ರಾಗ ಮಾತ್ರ ಅದೇ ಇರುವ ಭಾಗ ವರ್ಸ್. ಪದವೂ ರಾಗವೂ ಹೊಸದಾಗಿ, ಇಡೀ ಹಾಡಿನಲ್ಲಿ ಒಂದೇ ಸಲ ಬಂದುಹೋಗುವ ಭಾಗ ಬ್ರಿಡ್ಜ್. ಇವನ್ನು ಪಲ್ಲವಿ, ಚರಣ ಎಂದೇ ಕರೆಯಬಹುದಿತ್ತು, ಆದರೆ ಹಾಗೆ ಕರೆದರೆ ಒಂದು ಪೆಟ್ಟು ಬೀಳುತ್ತದೆ. ಅದು ಏನೆಂದು ಎರಡನೇ ಲಕ್ಷಣದಲ್ಲಿ ಹೇಳುತ್ತೇನೆ.

ಕೈ ಹಾಕುವ ಮೊದಲು

ಹಾಡು ಈಗ ಹೇಗಿದೆಯೋ ಹಾಗೆಯೇ ಮೊದಲಿನಿಂದ ಕೊನೆಯವರೆಗೆ ಫೋನಿನಲ್ಲಿ ಒಮ್ಮೆ ರೆಕಾರ್ಡ್ ಮಾಡಿ, ದಿನಾಂಕ ಹಾಕಿ ಇಟ್ಟುಕೊಳ್ಳಿ. ನೋಟ್‌ಬುಕ್ಕಿನಲ್ಲಿ ಹಳೆಯ ಸಾಲನ್ನು ಗೀಚಿ ಕಪ್ಪು ಮಾಡದೆ, ಒಂದೇ ಗೆರೆ ಎಳೆದು ಓದಲು ಬರುವಂತೆ ಬಿಡಿ. ಹೊಸಬರು ಕಳೆದುಕೊಳ್ಳುವ ಒಳ್ಳೆಯ ಸಾಲುಗಳಲ್ಲಿ ಹೆಚ್ಚಿನವು ತಿದ್ದುವಾಗಲೇ ಕಳೆದುಹೋಗುತ್ತವೆ, ಮೂರನೇ ದಿನ ಬೇಕೆಂದರೂ ನೆನಪಿಗೆ ಬರುವುದಿಲ್ಲ.

ಲಕ್ಷಣ: ಎರಡನೇ ವರ್ಸ್ ಬರೆಯಲು ಕೂತರೆ ಹೇಳಲು ಏನೂ ಉಳಿದಿಲ್ಲ

ಅತಿ ಹೆಚ್ಚು ಜನ ಹೇಳಿಕೊಳ್ಳುವ ತೊಂದರೆ ಇದೇ. ಇದನ್ನು ಅವರು ಎರಡನೇ ವರ್ಸ್‌ನ ತೊಂದರೆ ಎಂದುಕೊಳ್ಳುತ್ತಾರೆ. ಆದರೆ ದೋಷ ಇರುವುದು ಬಹುಪಾಲು ಮೊದಲನೇ ವರ್ಸ್‌ನಲ್ಲಿ, ಕೆಲವೊಮ್ಮೆ ಕೋರಸ್‌ನಲ್ಲಿ.

ಒಂದು ಪೆನ್ಸಿಲ್ ಇದ್ದರೆ ಮೊದಲ ಪರೀಕ್ಷೆಯನ್ನು ಮಾಡಬಹುದು. ನಿಮ್ಮ ಹಾಡಿನ ಮಾತನ್ನು ಕ್ರಿಯಾಪದ ಇರುವ ಒಂದು ಪೂರ್ಣ ವಾಕ್ಯವಾಗಿ ಹಾಳೆಯ ಮೇಲ್ತುದಿಯಲ್ಲಿ ಬರೆಯಿರಿ. "ಅಪ್ಪನ ಪ್ರೀತಿ" ಎಂದು ಬರೆದರೆ ಅದು ವಾಕ್ಯವಲ್ಲ, ಬರಿಯ ವಿಷಯ. ಹುಡುಗ ಮೂರು ಸಲ ಹೊಡೆದುಹಾಕಿ ಕೊನೆಗೆ ಬರೆದದ್ದು ಹೀಗಿತ್ತು: "ನಾನೂ ಅಪ್ಪನೂ ಪ್ರೀತಿಯ ಮಾತು ಆಡಲು ಬಾರದೆ, ಅದರ ಬದಲಿಗೆ ನೀರಿನ ಮಾತು ಆಡುತ್ತೇವೆ." ಈಗ ಹಾಡಿನೊಳಗೆ ಈ ವಾಕ್ಯವನ್ನೇ ಬಿಚ್ಚಿ ಹೇಳುವ ಸಾಲುಗಳು ಎಲ್ಲೆಲ್ಲಿವೆ ಎಂದು ಹುಡುಕಿ ಅಡಿಗೆರೆ ಎಳೆಯಿರಿ. ಅವನ ಮೊದಲ ವರ್ಸ್ ಹೀಗೆ ಶುರುವಾಗುತ್ತಿತ್ತು:

ಅಪ್ಪ ನಿನ್ನ ಪ್ರೀತಿ ನಾಲೆಯ ನೀರಂತೆ
ಸದ್ದೇ ಮಾಡದೆ ಹರಿದೈತೆ ಎದೆಯೊಳಗೆ

ಕೋರಸ್‌ನ ಕೊನೆಯ ಸಾಲು "ಪ್ರೀತಿ ಐತೆ, ಬಾಯಿಬಿಟ್ಟು ಹೇಳಲ್ಲ" ಎಂದಿತ್ತು. ಮೇಲ್ತುದಿಯ ವಾಕ್ಯವನ್ನು ವರ್ಸೂ ಹೇಳಿಬಿಟ್ಟಿದೆ, ಕೋರಸ್ಸೂ ಹೇಳಿಬಿಟ್ಟಿದೆ. ಕೇಳುಗನಿಗೆ ಊಹಿಸಲು ಏನನ್ನೂ ಬಿಟ್ಟಿಲ್ಲ. ಬರೆಯುವವನಿಗೂ ಏನೂ ಉಳಿದಿಲ್ಲ. ಒಂದು ತಿಂಗಳ ಅಡಚಣೆಗೆ ಕಾರಣ ಇಷ್ಟೇ.

ಎರಡನೇ ಪರೀಕ್ಷೆ, ಎರಡು ವರ್ಸ್‌ಗಳನ್ನು ಅದಲುಬದಲು ಮಾಡಿ ಹಾಡುವುದು. ಹುಡುಗ ಹೇಗೋ ಎಳೆದು ತಂದಿದ್ದ ಎರಡನೇ ವರ್ಸ್ "ಅಪ್ಪ ನಿನ್ನ ಮೌನ ಕಟ್ಟೆಯ ನೀರಂತೆ, ತುಂಬಿ ನಿಂತೈತೆ ಕಣ್ಣೊಳಗೆ" ಎಂದು ಸಾಗುತ್ತಿತ್ತು. ಇದನ್ನು ಮೊದಲು ಹಾಡಿ, ಮೊದಲನೆಯದನ್ನು ಆಮೇಲೆ ಹಾಡಿದಾಗ ಯಾರಿಗೂ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. ಹಾಗಾದರೆ ಅವು ಎರಡು ವರ್ಸ್‌ಗಳಲ್ಲ, ಒಂದೇ ವರ್ಸ್‌ನ ಎರಡು ಪ್ರತಿಗಳು. ಅದಲುಬದಲು ಮಾಡಲೇ ಬಾರದಂತೆ ಇರಬೇಕು ಎಂದು ನಾನು ಹೇಳುತ್ತಿಲ್ಲ. ಅದಲುಬದಲು ಮಾಡಿದಾಗ ಏನಾದರೂ ಹಾಳಾಗಬೇಕು, ಕನಿಷ್ಠ ಏನಾದರೂ ಬದಲಾಗಬೇಕು.

ಇಲ್ಲಿ ಹೊಸಬರು ಮಾಡುವ ತಪ್ಪು ಚಿಕಿತ್ಸೆ ಯಾವುದೆಂದರೆ ಇನ್ನೊಂದು ಉಪಮೆ ಹುಡುಕುವುದು. ನಾಲೆ ಆಯಿತು, ಕಟ್ಟೆ ಆಯಿತು, ಇನ್ನು ಮಳೆ, ಆಮೇಲೆ ಬಾವಿ. ಉಪಮೆ ಬದಲಾದರೂ ಹೇಳಿಕೆ ಬದಲಾಗುವುದಿಲ್ಲ. ಪ್ರಾಸದ ಪದಗಳ ಪಟ್ಟಿ ಮಾಡಿಕೊಂಡು ಕೂರುವುದೂ ಇದೇ ಜಾತಿಯ ತಪ್ಪು. ಪ್ರಾಸ ಸಾಲನ್ನು ಮುಗಿಸಿಕೊಡುತ್ತದೆ, ವರ್ಸನ್ನು ಮುಂದಕ್ಕೆ ತಳ್ಳುವುದಿಲ್ಲ.

ನಿಜವಾದ ದುರಸ್ತಿಗೆ ಕೆಲಸ ಹಂಚಬೇಕು. ಕೋರಸ್‌ನಲ್ಲಿ ಆಡುವ ಮಾತು ಮಾತ್ರ ಇರಲಿ. ಆ ಮಾತನ್ನು ಯಾರು, ಎಲ್ಲಿ, ಯಾವ ಹೊತ್ತಿನಲ್ಲಿ ಆಡಿದರು ಎಂಬುದು ವರ್ಸ್‌ನಲ್ಲಿ ಇರಲಿ. ಮೇಲ್ತುದಿಯ ವಾಕ್ಯ ಹಾಳೆಯ ಮೇಲ್ತುದಿಯಲ್ಲೇ ಉಳಿಯಲಿ, ಹಾಡಿನೊಳಗೆ ಬಾರದಿರಲಿ. ಹೀಗೆ ಹಂಚಿದ ಮೇಲೆ ಎರಡನೇ ವರ್ಸ್‌ಗೆ ಹೊಸ ವಿಚಾರ ಬೇಕಾಗುವುದೇ ಇಲ್ಲ. ಕಾಲ, ಸ್ಥಳ, ಮಾತನಾಡುವ ವ್ಯಕ್ತಿ, ಇವುಗಳಲ್ಲಿ ಒಂದನ್ನು ಸರಿಸಿದರೆ ಸಾಕು. ಎಲ್ಲವನ್ನೂ ಒಟ್ಟಿಗೆ ಸರಿಸಿದರೆ ಕೇಳುಗ ದಾರಿ ತಪ್ಪುತ್ತಾನೆ, ಆದ್ದರಿಂದ ಒಂದನ್ನೇ ಮುಖ್ಯವಾಗಿ ಸರಿಸಬೇಕು.

ಹುಡುಗನನ್ನು ನಾನು ಕೇಳಿದ್ದು ಎರಡೇ ಪ್ರಶ್ನೆ. ನೆನ್ನೆ ಅಪ್ಪನೊಂದಿಗೆ ಮಾತನಾಡಿದಾಗ ನೀನು ಎಲ್ಲಿ ಕೂತಿದ್ದೆ? ಈ "ನೀರು ಬಂತಾ" ಎಂಬ ಮಾತನ್ನು ಜೀವನದಲ್ಲಿ ಮೊದಲ ಸಲ ಅಪ್ಪನಿಗೆ ಹೇಳಿದ್ದು ಯಾವಾಗ? ಮೊದಲನೆಯ ಉತ್ತರದಿಂದ ಮೊದಲ ವರ್ಸ್ ಹೊಸದಾಗಿ ಬಂತು, ಅದರಲ್ಲಿ ಕಟ್ಟೆ ಎಂದರೆ ಕನ್ನಂಬಾಡಿ ಕಟ್ಟೆ:

ರಾತ್ರಿ ಒಂಬತ್ತಕ್ಕೆ ಫೋನು, ರೂಮಿನ ಮೆಟ್ಟಿಲ ಮೇಲೆ
ಕಟ್ಟೆ ಎಷ್ಟಡಿ ಆಯ್ತು ಅಂತ ನೀನೇ ಮೊದಲು ಕೇಳ್ತೀಯ
ಪೇಪರು ನೋಡಿ ಹೇಳ್ತೀನಿ ನಾನು, ಹೂಂ ಅಂತೀಯ ನೀನು
ಆಮೇಲೆ ಮಾತೇ ಸಿಗದೆ ನಾನು ಕೇಳ್ತೀನಿ

ಕೋರಸ್ ಇಷ್ಟಕ್ಕೆ ಇಳಿಯಿತು:

ನೀರು ಬಂತಾ ಅಪ್ಪಾ, ನಾಲೆಗೆ ನೀರು ಬಂತಾ
ನೀರು ಬಂತಾ ಅಪ್ಪಾ, ನಮ್ಮ ತೂಬಿಗೆ ಬಂತಾ

ಎರಡನೆಯ ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನು ಕಟ್ಟು ಪದ್ಧತಿಯಲ್ಲಿ, ಅಂದರೆ ಸರದಿಯ ಮೇಲೆ, ನಾಲೆಗೆ ನೀರು ಬಿಡುತ್ತಿದ್ದ ದಿನಗಳನ್ನು, ನಾಲೆಯ ಕೊನೆ ಭಾಗದ ಅವರ ಗದ್ದೆಗೆ ನಡುರಾತ್ರಿ ಸರದಿ ಬರುತ್ತಿದ್ದುದನ್ನು ಹೇಳಿದ:

ಕಟ್ಟು ನೀರಿನ ಸರದಿ ನಮ್ಮದು, ನಡುರಾತ್ರಿ ಎರಡಕ್ಕೆ
ಗುದ್ದಲಿ ನಿನ್ನ ಹೆಗಲ ಮೇಲೆ, ಟಾರ್ಚು ನನ್ನ ಕೈಲಿ
ಬದುವಿನ ಮೇಲೆ ನಿದ್ದೆ ಬಂದು ನಿನ್ನ ತೊಡೆಗೆ ಒರಗಿ
ಕಣ್ಣು ಬಿಟ್ಟಾಗಲೆಲ್ಲ ನಾನು ಕೇಳ್ತಿದ್ದೆ

ಈಗ ಅದೇ ಕೋರಸ್ ಒಂದಕ್ಷರವೂ ಬದಲಾಗದೆ ಬೇರೆ ಅರ್ಥ ಕೊಡುತ್ತದೆ. ಮೊದಲ ಸಲ ಅದು ಫೋನಿನಲ್ಲಿ ಮಾತು ತೋಚದವನ ಪ್ರಶ್ನೆ. ಎರಡನೇ ಸಲ ನಿದ್ದೆಗಣ್ಣಿನ ಮಗುವಿನ ಪ್ರಶ್ನೆ. ಅದಲುಬದಲು ಮಾಡಿ ನೋಡಿದೆವು. ಮಗುವಿನ ವರ್ಸ್ ಮೊದಲು ಬಂದಾಗ ಹಾಡು ಕಾಲಕ್ರಮದಲ್ಲಿ ಸರಿಯಾಗಿಯೇ ಸಾಗಿತು, ಆದರೆ ಫೋನಿನ ಪ್ರಶ್ನೆಗೆ ಕಾರಣ ಮೊದಲೇ ಗೊತ್ತಾಗಿಬಿಟ್ಟು ಕೇಳುಗನಿಗೆ ಹಿಂದಿರುಗಿ ನೋಡುವ ಸುಖ ತಪ್ಪಿತು. ಬದಲಿಸಿದರೆ ನಷ್ಟವಾಗುತ್ತದೆ ಎಂದಾದರೆ ಪರೀಕ್ಷೆ ಪಾಸಾದಂತೆ.

ಎರಡೂ ವರ್ಸ್‌ಗಳ ಕೊನೆಯ ಪದವನ್ನೂ ಗಮನಿಸಿ. "ಕೇಳ್ತೀನಿ", "ಕೇಳ್ತಿದ್ದೆ" ಎಂದು ಬಾಗಿಲು ತೆರೆದು ನಿಲ್ಲಿಸಿದ ಕಡೆಯೇ ಕೋರಸ್ ಒಳಗೆ ಬರುತ್ತದೆ. ವರ್ಸ್ ತನ್ನಷ್ಟಕ್ಕೆ ಪೂರ್ಣವಿರಾಮ ಹಾಕಿಕೊಂಡು ಮುಗಿದರೆ, ಆಮೇಲೆ ಬರುವ ಕೋರಸ್ ಬೇರೆ ಹಾಡಿನಿಂದ ತಂದು ಅಂಟಿಸಿದಂತೆ ಕೇಳುತ್ತದೆ. ನನಗೆ ತಿಳಿದಂತೆ ಈ ಒಂದು ತಿದ್ದುಪಡಿಯಷ್ಟು ಅಗ್ಗದ ದುರಸ್ತಿ ಇನ್ನೊಂದಿಲ್ಲ.

ಲಕ್ಷಣ: ಕೋರಸ್ ಬಂದರೂ ಬಂದದ್ದು ತಿಳಿಯುವುದಿಲ್ಲ

ಪದಗಳು ಸರಿ ಇವೆ, ಆದರೂ ಸ್ನೇಹಿತರು "ಕೋರಸ್ ಯಾವುದು?" ಎಂದು ಕೇಳುತ್ತಾರೆ. ಪದಗಳನ್ನು ಬಿಟ್ಟು ಇಡೀ ಹಾಡನ್ನು ಗುನುಗಿ ರೆಕಾರ್ಡ್ ಮಾಡಿ, ಮರುದಿನ ಕೇಳಿ. ಎಲ್ಲಿ ಕೋರಸ್ ಶುರುವಾಯಿತು ಎಂದು ಗುನುಗಿನಲ್ಲೇ ತಿಳಿಯದಿದ್ದರೆ ದೋಷ ರಾಗದಲ್ಲಿದೆ ಎಂದರ್ಥ, ಪದಗಳನ್ನು ಮುಟ್ಟಬೇಡಿ.

ಮುಂದಿನ ಹೆಜ್ಜೆ ಹಾಡಿನ ಅತಿ ಎತ್ತರದ ಸ್ವರ ಎಲ್ಲಿದೆ ಎಂದು ಹುಡುಕುವುದು. ಪಲ್ಲವಿ-ಚರಣ ಎಂಬ ಹೆಸರಿನಿಂದ ಬೀಳುವ ಪೆಟ್ಟು ಎಂದೆನಲ್ಲ, ಅದು ಇಲ್ಲೇ ಬೀಳುವುದು. ನಮ್ಮ ಭಾವಗೀತೆಗಳಲ್ಲಿ, ಸಿನಿಮಾ ಹಾಡುಗಳಲ್ಲಿ ಸಾಮಾನ್ಯವಾಗಿ ಪಲ್ಲವಿ ಮೊದಲೇ ಬಂದು ನಡುಸ್ಥಾಯಿಯಲ್ಲಿ ಕೂರುತ್ತದೆ. ಚರಣ ಮೇಲಕ್ಕೆ ಹತ್ತಿ, ತಾರಸ್ಥಾಯಿ ಮುಟ್ಟಿ, ಇಳಿದು ಮತ್ತೆ ಪಲ್ಲವಿಯ ಮನೆಗೆ ಬರುತ್ತದೆ. ಅಲ್ಲಿ ಪಲ್ಲವಿಗೆ ಮರಳುವುದೇ ನೆಮ್ಮದಿ. ವರ್ಸ್-ಕೋರಸ್ ಕಟ್ಟಿನಲ್ಲಿ ಇದು ಬಹುಮಟ್ಟಿಗೆ ತಲೆಕೆಳಗು: ವರ್ಸ್ ಕೆಳಗೆ ಮಾತಿನಂತೆ ನಡೆಯುತ್ತದೆ, ಕೋರಸ್ ಮೇಲಕ್ಕೆ ಹೋಗುತ್ತದೆ. ಚಿಕ್ಕಂದಿನಿಂದ ನಮ್ಮ ಹಾಡುಗಳನ್ನು ಕೇಳಿ ಬೆಳೆದ ಕಿವಿ ವರ್ಸನ್ನು ಚರಣವೆಂದುಕೊಂಡು ತಾನೇ ಹತ್ತಿಸಿಬಿಡುತ್ತದೆ. ಆಮೇಲೆ ಬರುವ ಕೋರಸ್‌ಗೆ ಹತ್ತಲು ಮೆಟ್ಟಿಲೇ ಉಳಿದಿರುವುದಿಲ್ಲ.

ಹುಡುಗನ ರಾಗದಲ್ಲಿ ವರ್ಸ್‌ನ ಮೂರನೇ ಸಾಲು ಮೇಲಿನ ಷಡ್ಜ ಮುಟ್ಟುತ್ತಿತ್ತು, ಕೋರಸ್ ಗಾಂಧಾರ-ಪಂಚಮದ ನಡುವೆ ಸುತ್ತುತ್ತಿತ್ತು. ವರ್ಸನ್ನು ಕೆಳಗಿನ ಷಡ್ಜದಿಂದ ಪಂಚಮದೊಳಗೆ ಕಟ್ಟಿಹಾಕಿ, ಕೋರಸ್ ಪಂಚಮದಲ್ಲಿ ಶುರುವಾಗಿ "ಬಂತಾ" ಎಂಬಲ್ಲಿ ಮೇಲಿನ ಷಡ್ಜ ಮುಟ್ಟುವಂತೆ ಮಾಡಿದೆವು. ಪದಗಳ ವೇಗವನ್ನೂ ಬದಲಿಸಿದೆವು: ವರ್ಸ್‌ನಲ್ಲಿ ಒಂದು ಸಾಲಿಗೆ ಪದ ಜಾಸ್ತಿ, ಸ್ವರ ಗಿಡ್ಡ, ಕೋರಸ್‌ನಲ್ಲಿ ಪದ ಕಡಿಮೆ, ಸ್ವರ ಉದ್ದ.

ಎಚ್ಚರಿಕೆ: ಕೋರಸ್ ಎತ್ತರಿಸುವಾಗ ಗಂಟಲು ಬಿಗಿಯುವುದು, ಕುತ್ತಿಗೆಯ ನರ ಉಬ್ಬುವುದು ಕಂಡರೆ ಹಾಡು ಎತ್ತರವಾಗಿದೆ ಎಂದಲ್ಲ, ಶ್ರುತಿ ನಿಮಗೆ ಎತ್ತರವಾಗಿದೆ ಎಂದರ್ಥ. ಇಡೀ ಹಾಡಿನ ಶ್ರುತಿಯನ್ನು ಒಂದೆರಡು ಮನೆ ಇಳಿಸಿ. ಒಂದೇ ಸಾಲನ್ನು ಪೂರ್ತಿ ದನಿಯಲ್ಲಿ ಗಂಟೆಗಟ್ಟಲೆ ಹಾಡಬೇಡಿ. ನೋವಿದ್ದರೆ ಅಂದಿಗೆ ನಿಲ್ಲಿಸಿ. ಗಂಟಲು ಕಟ್ಟಿದ್ದು ಎರಡು-ಮೂರು ವಾರವಾದರೂ ಬಿಡದಿದ್ದರೆ ಕಷಾಯ ಕುಡಿಯುತ್ತಾ ಕೂರದೆ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ.

ಲಕ್ಷಣ: ಓದಲು ಚೆನ್ನಾಗಿರುವ ಸಾಲು ಹಾಡಿದರೆ ಎಡವುತ್ತದೆ

ಇದಕ್ಕೆ ಪರಿಹಾರ ಶಾಲೆಯಲ್ಲಿ ಕಲಿತ ಲಘು-ಗುರುವಿನಲ್ಲೇ ಇದೆ. ಕೋರಸ್‌ನ ಎರಡನೇ ಸಾಲು ಮೊದಲು "ನಮ್ಮ ಗದ್ದೆಯ ತೂಬಿಗೆ ನೀರು ಬಂತಾ" ಎಂದು ಮುಗಿಯುತ್ತಿತ್ತು. ಎಣಿಸಿದರೆ ಹದಿನೆಂಟು ಮಾತ್ರೆ. ಅದರ ಜೊತೆಗಾರ "ನೀರು ಬಂತಾ ಅಪ್ಪಾ" ಹನ್ನೊಂದು ಮಾತ್ರೆ. ಒಂದೇ ಅಳತೆಯ ರಾಗದ ಜಾಗದಲ್ಲಿ ಹದಿನೆಂಟನ್ನು ತುರುಕಲು ಹೋಗಿ ಅವನು "ಗದ್ದೆಯ" ಪದವನ್ನು ನುಂಗುತ್ತಿದ್ದ. "ನಮ್ಮ ತೂಬಿಗೆ ಬಂತಾ" ಎಂದು ಕತ್ತರಿಸಿದಾಗ ಅದೂ ಹನ್ನೊಂದಾಯಿತು, "ನಾಲೆಗೆ ನೀರು ಬಂತಾ" ಕೂಡ ಹನ್ನೊಂದು. ಕೋರಸ್‌ನ ನಾಲ್ಕು ತುಂಡುಗಳೂ ಸಮ ಬಂದದ್ದರಿಂದ ಒಮ್ಮೆ ಕೇಳಿದವರೂ ಎರಡನೇ ಸಲ ಜೊತೆಗೆ ಹಾಡಿದರು.

ಎಣಿಕೆ ಸರಿಯಿದ್ದರೂ ಎಡವುವ ಒಂದು ಜಾಗವಿದೆ. ಛಂದಸ್ಸಿನ ಲೆಕ್ಕದಲ್ಲಿ "ನಾ" ಗುರು, "ಬಂ" ಗುರು, "ಕಟ್ಟೆ"ಯ "ಕ" ಕೂಡ ಗುರು. ಆದರೆ ಗಂಟಲಿಗೆ ಮೂರೂ ಒಂದೇ ಅಲ್ಲ. "ನಾ" ಎಷ್ಟು ಉದ್ದ ಎಳೆದರೂ "ನಾ" ಆಗಿಯೇ ಇರುತ್ತದೆ. "ಬಂ" ಎಂಬುದನ್ನು ಮೂಗಿನ ಗುಂಯ್‌ಗುಡುವಿಕೆಯಲ್ಲಿ ಹಿಡಿಯಬಹುದು. "ಕಟ್ಟೆ"ಯ "ಕ" ಮೇಲೆ ಉದ್ದ ಸ್ವರ ಇಟ್ಟರೆ ಅದು "ಕಾಟೆ" ಎಂದು ಕೇಳುತ್ತದೆ. ಉದ್ದ ಸ್ವರ ಬರುವ ಜಾಗದಲ್ಲಿ ನಿಜವಾದ ದೀರ್ಘಾಕ್ಷರವೇ ಇರಲಿ. ಬರಿ ಎಂಬುದನ್ನು ಎಳೆದರೆ ಬಾರಿ, ಕಡು ಎಂಬುದನ್ನು ಎಳೆದರೆ ಕಾಡು. ಸಾಲಿನ ಕೊನೆಯ ಅಕ್ಷರಕ್ಕೆ ಮಾತ್ರ ಈ ನಿಯಮ ಸಡಿಲ, ಅಲ್ಲಿ ಎಳೆದರೆ ಕನ್ನಡದ ಕಿವಿ ಒಪ್ಪಿಕೊಳ್ಳುತ್ತದೆ.

ಲಕ್ಷಣ: ಮೂರನೇ ಸಲ ಕೋರಸ್ ಬರುವಷ್ಟರಲ್ಲಿ ಬೇಸರ ಬರುತ್ತದೆ

ಮೊದಲು ಗಡಿಯಾರ ನೋಡಿ. ಅವನ ಹಾಡಿನ ವೇಗ ನಿಮಿಷಕ್ಕೆ 90 ಬೀಟ್, ಬಾರ್‌ಗೆ ನಾಲ್ಕು ಬೀಟ್. ವರ್ಸ್ 16 ಬಾರ್, ಕೋರಸ್ 8 ಬಾರ್. ವರ್ಸ್, ಕೋರಸ್, ವರ್ಸ್, ಕೋರಸ್, 8 ಬಾರಿನ ಬ್ರಿಡ್ಜ್, ಕೋರಸ್ ಎಂದು ಹೋದರೆ ಒಟ್ಟು 64 ಬಾರ್, ಅಂದರೆ 2 ನಿಮಿಷ 51 ಸೆಕೆಂಡು. ಅದರ ಮೇಲೆ ಮೂರನೇ ವರ್ಸನ್ನೂ ಇನ್ನೊಂದು ಕೋರಸ್ಸನ್ನೂ ಸೇರಿಸಿದರೆ ಒಂದು ನಿಮಿಷಕ್ಕಿಂತ ಹೆಚ್ಚು ಬೆಳೆಯುತ್ತದೆ. ಒಂದೇ ಮಾತಿನ ಹಾಡಿಗೆ ಆ ಹೆಚ್ಚಿನ ನಿಮಿಷವೇ ಭಾರ. ಬೇಸರಕ್ಕೆ ಕಾರಣ ಅಷ್ಟೇ ಆಗಿದ್ದರೆ ಕತ್ತರಿ ಸಾಕು.

ಉದ್ದ ಸರಿ ಇದ್ದೂ ಬೇಸರ ಬಂದರೆ ಬ್ರಿಡ್ಜ್ ಪರೀಕ್ಷಿಸಬೇಕು. ಹೊಸಬರ ಬ್ರಿಡ್ಜ್ ಹತ್ತರಲ್ಲಿ ಎಂಟು ಸಲ ವೇಷ ಹಾಕಿದ ಮೂರನೇ ವರ್ಸ್ ಆಗಿರುತ್ತದೆ ಎಂಬುದು ನನ್ನ ಲೆಕ್ಕ. ಯಾರೂ ಎಣಿಸಿಲ್ಲ, ಬಂದವರನ್ನು ನೋಡಿ ಹೇಳುತ್ತಿದ್ದೇನೆ. ಹುಡುಗನ ಮೊದಲ ಬ್ರಿಡ್ಜ್‌ನಲ್ಲಿ ಅವ್ವ ಅಡುಗೆಮನೆಯಿಂದ "ಯಾರದು ಫೋನು?" ಎಂದು ಕೇಳುತ್ತಿದ್ದಳು. ಸಾಲು ಚೆನ್ನಾಗಿತ್ತು, ಆದರೆ ಅದು ಮತ್ತೊಂದು ದೃಶ್ಯ ಅಷ್ಟೇ. ವರ್ಸ್‌ನ ರಾಗಕ್ಕೇ ಅದು ಕೂರುತ್ತಿತ್ತು. ಪರೀಕ್ಷೆ ಇದೇ: ನಿಮ್ಮ ಬ್ರಿಡ್ಜ್‌ನ ಪದಗಳನ್ನು ವರ್ಸ್‌ನ ರಾಗಕ್ಕೆ ಹಾಡಿ ನೋಡಿ. ಏನೂ ಕೆಡದಿದ್ದರೆ ಅದು ವರ್ಸ್.

ಬ್ರಿಡ್ಜ್ ಮಾಡಬೇಕಾದ ಕೆಲಸ, ಅಲ್ಲಿಯವರೆಗೆ ಒಂದೇ ದಿಕ್ಕಿನಿಂದ ಬರುತ್ತಿದ್ದ ಮಾತನ್ನು ಇನ್ನೊಂದು ದಿಕ್ಕಿನಿಂದ ತರುವುದು. ಈ ಹಾಡಿನಲ್ಲಿ ಪ್ರಶ್ನೆ ಕೇಳಿದವನು ಎರಡೂ ಸಲ ಮಗನೇ. ಅಪ್ಪ ಕೇಳಬೇಕಾದ ಪ್ರಶ್ನೆ ಯಾವುದು ಎಂದಾಗ ಹುಡುಗ ತಟ್ಟನೆ ಬರೆದ:

ಈ ಸಲ ನಾನು ಕೇಳೋ ಮೊದಲೇ ನೀನಂದೆ
ನೀರು ಬಂತು ಮಗ, ನೀನ್ಯಾವಾಗ ಬತ್ತೀಯ?

ಓದಿದಾಗ ಇಬ್ಬರಿಗೂ ಸಂತೋಷವಾಯಿತು. ಹಾಡಿದಾಗ ಹಾಡು ಮುರಿಯಿತು. ಅಪ್ಪ "ನೀರು ಬಂತು" ಎಂದ ಮರುಕ್ಷಣ ಮಗ ಮತ್ತೆ "ನೀರು ಬಂತಾ ಅಪ್ಪಾ" ಎಂದು ಹಾಡಿದರೆ ಅವನಿಗೆ ಕಿವಿ ಕೇಳಿಸುವುದಿಲ್ಲವೇ ಎನಿಸುತ್ತದೆ. ಬ್ರಿಡ್ಜ್ ಬರೆದ ಮೇಲೆ ತಪ್ಪದೆ ಮಾಡಬೇಕಾದ ತಪಾಸಣೆ ಇದು: ಬ್ರಿಡ್ಜ್‌ನ ಕೊನೆಯ ಸಾಲನ್ನೂ ಕೋರಸ್‌ನ ಮೊದಲ ಸಾಲನ್ನೂ ಎಡೆಬಿಡದೆ, ರಾಗವಿಲ್ಲದೆ, ಮಾತಿನಂತೆ ಓದಿ. ಮೇಲಿನ ಮಾತಿಗೆ ಕೆಳಗಿನದು ಉತ್ತರವಾಗಬೇಕು, ಇಲ್ಲವೇ ಪ್ರತಿಕ್ರಿಯೆಯಾಗಬೇಕು.

ನಮ್ಮ ಮುಂದೆ ಎರಡು ದಾರಿಗಳಿದ್ದವು. ಕೊನೆಯ ಕೋರಸ್ಸನ್ನು "ನಾನು ಬಂದೆ ಅಪ್ಪಾ, ನಾಲೆಗೆ ನಾನು ಬಂದೆ" ಎಂದು ಬದಲಿಸುವುದು ಒಂದು. ಹೆಚ್ಚಿನವರು ಹಿಡಿಯುವ ದಾರಿ ಅದು, ತಪ್ಪೇನೂ ಅಲ್ಲ. ಆದರೆ ಪ್ರೀತಿಯ ಮಾತು ಆಡಲು ಬಾರದ ಇಬ್ಬರ ಹಾಡಿನಲ್ಲಿ ಒಬ್ಬ ಓಡಿಬಂದು ನಿಂತುಬಿಟ್ಟರೆ, ಅಲ್ಲಿಯವರೆಗೆ ಕಟ್ಟಿದ್ದೆಲ್ಲ ಸಡಿಲವಾಗುತ್ತದೆ. ಇನ್ನೊಂದು ದಾರಿ ಕೋರಸ್ಸನ್ನು ಮುಟ್ಟದೆ ಬ್ರಿಡ್ಜ್‌ನಲ್ಲಿ ಒಂದು ಮಾತನ್ನು ಬದಲಿಸುವುದು. ಹುಡುಗ ಅದನ್ನೇ ಆರಿಸಿದ:

ಈ ಸಲ ನಾನು ಕೇಳೋ ಮೊದಲೇ ನೀನಂದೆ
ನೀರಿನ ಮಾತು ಬಿಡು ಮಗ, ನೀನ್ಯಾವಾಗ ಬತ್ತೀಯ?

ಇದಕ್ಕೆ ಮಗನ ಬಳಿ ಉತ್ತರವಿಲ್ಲ. ಉತ್ತರವಿಲ್ಲದವನು ಮಾತು ತಪ್ಪಿಸಲು ತನಗೆ ಗೊತ್ತಿರುವ ಒಂದೇ ಪ್ರಶ್ನೆಗೆ ಮರಳುತ್ತಾನೆ: ನೀರು ಬಂತಾ ಅಪ್ಪಾ. ಪದ ಅದೇ, ರಾಗ ಅದೇ, ಆದರೆ ಈ ಮೂರನೇ ಸಲ ಅದು ನುಣುಚಿಕೊಳ್ಳುವ ಮಾತಾಗುತ್ತದೆ.

ರಾಗದಲ್ಲಿಯೂ ಈ ತಿರುವು ಕೇಳಿಸಬೇಕು. ಹಾಡು ಜಿ ಮೇಜರ್‌ನಲ್ಲಿದ್ದು ವರ್ಸೂ ಕೋರಸ್ಸೂ ಜಿ ಕಾರ್ಡಿನಿಂದಲೇ ಹೊರಡುತ್ತಿದ್ದವು. ಬ್ರಿಡ್ಜನ್ನು ಇ ಮೈನರ್‌ನಿಂದ ಹೊರಡಿಸಿ, ಕೊನೆಯ ಬಾರ್‌ನಲ್ಲಿ ಡಿ ಮೇಜರ್‌ಗೆ ತಂದು ನಿಲ್ಲಿಸಿದೆವು. ಡಿ ಕಾರ್ಡು ಜಿ ಕಡೆಗೆ ಎಳೆಯುವುದರಿಂದ ಕೋರಸ್ ತಾನಾಗಿ ಮನೆಗೆ ಬರುತ್ತದೆ. "ಬತ್ತೀಯ" ಎಂಬ ಪದ ಮುಗಿದ ಮೇಲೆ ಎರಡು ಬೀಟ್ ಗಿಟಾರನ್ನೂ ನಿಲ್ಲಿಸಿದ್ದು ಹುಡುಗನದೇ ಯೋಚನೆ. ನಾನು ಹೇಳಿಕೊಟ್ಟದ್ದಕ್ಕಿಂತ ಅದೇ ಹೆಚ್ಚು ಕೆಲಸ ಮಾಡಿತು.

ಯಾವಾಗ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಮೂರು ಬೇರೆ ಬೇರೆ ದಿನ ಕೂತರೂ ಪ್ರಶ್ನೆಯನ್ನು ಇನ್ನೊಂದು ದಿಕ್ಕಿನಿಂದ ನೋಡಲು ಆಗದಿದ್ದರೆ ಬ್ರಿಡ್ಜ್ ಬರೆಯುವುದನ್ನೇ ಬಿಟ್ಟುಬಿಡಿ. ಅದಿಲ್ಲದೆಯೂ ಹಾಡು ನಿಲ್ಲುತ್ತದೆ. ನಮ್ಮ ಸೋಬಾನೆಯವರು ಒಂದೇ ಸೊಲ್ಲನ್ನು ಹಿಡಿದು, ನುಡಿಯ ಮೇಲೆ ನುಡಿ ಹಾಕಿಕೊಂಡು ಹೋಗುತ್ತಾರೆ, ಅಲ್ಲಿ ಬ್ರಿಡ್ಜ್ ಇಲ್ಲ ಎಂದು ಯಾರೂ ಕೊರಗಿಲ್ಲ. ಆ ಎಂಟು ಬಾರ್‌ಗಳಲ್ಲಿ ಕೊಳಲನ್ನೋ ಗಿಟಾರನ್ನೋ ನುಡಿಸಿ ಕೊನೆಯ ಕೋರಸ್‌ಗೆ ಬನ್ನಿ.

ಗುನುಗಿನ ಪರೀಕ್ಷೆಯಲ್ಲಿ ದೋಷ ಕಂಡೂ ರಾಗ ಸರಿಪಡಿಸಲು ಬಾರದಿದ್ದರೆ ಸುಗಮ ಸಂಗೀತ ಕಲಿಸುವವರ ಬಳಿಯೋ, ಕೀಬೋರ್ಡ್ ಬಲ್ಲವರ ಬಳಿಯೋ ಒಂದು ಗಂಟೆ ಕೂರುವುದು ಮೇಲು. ಹೋಗುವಾಗ ಪೂರ್ತಿ ಹಾಡಿನ ಬದಲು ಗುನುಗಿನ ರೆಕಾರ್ಡಿಂಗನ್ನೂ, "ಕೋರಸ್ ಮೇಲೇಳುತ್ತಿಲ್ಲ" ಎಂಬ ಒಂದೇ ದೂರನ್ನೂ ಒಯ್ಯಿರಿ. ಪೂರ್ತಿ ಹಾಡು ಕೊಟ್ಟರೆ ಅವರು ಪ್ರೀತಿಯಿಂದ ಪದಗಳನ್ನೂ ತಿದ್ದಿ, ನಿಮ್ಮ ಊರಿನ "ಬತ್ತೀಯ"ವನ್ನು "ಬರುವೆ" ಮಾಡಿ ಕಳಿಸುತ್ತಾರೆ. ರಾಗ ತೋಚಲಿಲ್ಲವೆಂದು ಕೇಳಿದ ಹಾಡಿನ ರಾಗಕ್ಕೆ ನಿಮ್ಮ ಪದ ಕೂರಿಸಿ ಅಭ್ಯಾಸ ಮಾಡಿದರೆ ಅಡ್ಡಿಯಿಲ್ಲ, ಆದರೆ ಅದನ್ನು ನಿಮ್ಮದೆಂದು ಹೊರಗೆ ಹಾಕಿದರೆ ಹಕ್ಕುದಾರರಿಂದ ತಕರಾರು ಬರುತ್ತದೆ.

ಮನೆಯವರ ಹೆಸರು, ಊರಿನ ಹೆಸರು, ಮನೆಯ ಒಳಗಿನ ಮಾತು ಹಾಡಿನಲ್ಲಿದ್ದರೆ ಮೊದಲು ಅವರಿಗೇ ಹಾಡಿ ತೋರಿಸಿ. ಮತ್ತೊಂದು ಎಚ್ಚರಿಕೆ ಈ ಹಾಡಿನವರಿಗೇ ಹೇಳಬೇಕಾದದ್ದು: ವಿಡಿಯೋ ಚೆನ್ನಾಗಿ ಬರುತ್ತದೆಂದು ವಿಶ್ವೇಶ್ವರಯ್ಯ ನಾಲೆಯ ಅಂಚಿನಲ್ಲಿ ಗಿಟಾರು ಹಿಡಿದು ಕೂರಬೇಡಿ. ಕಟ್ಟಿದ ಇಳಿಜಾರು ಪಾಚಿಯಿಂದ ಜಾರುತ್ತದೆ, ನೀರು ಬಿಟ್ಟಾಗ ಸೆಳೆತ ಮೇಲಿನಿಂದ ಕಾಣುವುದಿಲ್ಲ, ಹಿಡಿದು ಹತ್ತಲು ಆಸರೆಯೂ ಇರುವುದಿಲ್ಲ. ಗದ್ದೆಯ ಬದು ಸಾಕು.

ಹುಡುಗ ಹಾಡನ್ನು ಅಪ್ಪನಿಗೆ ಕೇಳಿಸಿದ್ದು ರಾತ್ರಿ ಒಂಬತ್ತರ ಫೋನಿನಲ್ಲೇ. ಅಪ್ಪ ಪೂರ್ತಿ ಕೇಳಿ, ಹಾಡಿನಲ್ಲಿ ಒಂದು ತಪ್ಪು ಹುಡುಕಿದರಂತೆ: ತಮ್ಮ ಸರದಿ ಬರುತ್ತಿದ್ದುದು ಎರಡು ಗಂಟೆಗಲ್ಲ, ಮೂರಕ್ಕೆ. "ಎರಡಕ್ಕೆ" ಎಂಬಲ್ಲಿ ಐದು ಮಾತ್ರೆ, "ಮೂರಕ್ಕೆ" ಎಂಬಲ್ಲಿಯೂ ಐದೇ. ಅದನ್ನು ತಿದ್ದಿಕೊಂಡಿದ್ದಾನೆ.